ಮಾತ್ರೆಯೋ, ಡ್ರಿಪ್ಪೋ?

‘ಸೊಸೆಗೆ ಏಳು ತಿಂಗಳು. ತಿಂಗಳಿಂದ ಕೆಂಪು ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 8.2ರಿಂದ 8.5ಕ್ಕಷ್ಟೇ ಏರಿದೆ. ಡ್ರಿಪ್ ಹಾಕಿಸಬೇಕೇ?’ ಇದು ಅರಕೆರೆಯ ಓದುಗರೊಬ್ಬರ ಪ್ರಶ್ನೆ.

ತಿಂಗಳಿಗೆ ಕನಿಷ್ಠ 1 ಗ್ರಾಂ ಏರಬೇಕಿತ್ತು. ಏರದಿದ್ದಾಗ ವೈದ್ಯರು ಮೊದಲು ಕೇಳುವುದು ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗಿದೆಯೇ ಎಂದು. ಮಲಬದ್ಧತೆ, ವಾಕರಿಕೆಗೆ ಬೇಸತ್ತು ಅರ್ಧಕ್ಕೇ ಬಿಟ್ಟವರು ಬಹಳ. ಮಲ ಕಪ್ಪಾಗುವುದಕ್ಕಂತೂ ಹೆದರಬೇಕಿಲ್ಲ.

ಮುಂದಿನ ಪ್ರಶ್ನೆ, ಯಾವಾಗ ನುಂಗಿದ್ದು? ಮುದ್ದೆಯೂಟದ ಜೊತೆಗೋ, ಟೀ ಜೊತೆಗೋ, ಕ್ಯಾಲ್ಸಿಯಂ ಮಾತ್ರೆಯೊಂದಿಗೋ ನುಂಗಿದರೆ ಕಬ್ಬಿಣ ಕರುಳಲ್ಲಿ ಹೀರಲ್ಪಡುವುದು ಕಡಿಮೆ. ಎರಡು ಗಂಟೆ ಅಂತರವಿಟ್ಟು, ನಿಂಬೆ ಪಾನಕದೊಡನೆ ನುಂಗಿದರೆ ವಾಸಿ. ತಲಸ್ಸೀಮಿಯಾ, ಬಿ12 ಕೊರತೆಯಿದ್ದರೂ ರಕ್ತ ಏರದು. ಆಗ ಡ್ರಿಪ್ ಒಂದರಿಂದಲೇ ಪರಿಹಾರವಿಲ್ಲ.

ಇವೆಲ್ಲ ಸರಿಯಿದ್ದೂ ಏರದಿದ್ದರೆ, ಹೆರಿಗೆ ಹತ್ತಿರವಾದರೆ ರಕ್ತನಾಳದ ಕಬ್ಬಿಣವೇ ದಾರಿ. ಮೊದಲ ಮೂರು ತಿಂಗಳಲ್ಲಿ ಮಾತ್ರ ಕೊಡುವುದಿಲ್ಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ 1000 ಮಿಲಿಗ್ರಾಂ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ತೀವ್ರ ಅಲರ್ಜಿ ಅಪರೂಪ, ಆದರೂ ನಂತರ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸುತ್ತಾರೆ. ಸೂಜಿ ಸರಿದು ಔಷಧ ಹೊರಚೆಲ್ಲಿದರೆ ಚರ್ಮದಲ್ಲಿ ಕಂದು ಕಲೆ ಉಳಿಯಬಹುದು; ಉರಿಯೆನಿಸಿದರೆ ತಕ್ಷಣ ಹೇಳಬೇಕು.

ಹಾಗೆಂದು ಡ್ರಿಪ್ ಎಲ್ಲರಿಗೂ ಮೇಲಲ್ಲ. ಕರ್ನಾಟಕ, ರಾಜಸ್ಥಾನಗಳಲ್ಲಿ ಮಧ್ಯಮ ರಕ್ತಹೀನತೆಯ ಗರ್ಭಿಣಿಯರ ಮೇಲೆ ನಡೆದ ‘ರ‍್ಯಾಪಿಡ್‌ಐರನ್’ ಅಧ್ಯಯನದಲ್ಲಿ, ನಿಗಾದಲ್ಲಿ ಮಾತ್ರೆ ನುಂಗಿದವರೂ ರಕ್ತಹೀನತೆ ನೀಗಿಸಿಕೊಳ್ಳುವುದರಲ್ಲಿ ಹೆಚ್ಚೇನೂ ಹಿಂದೆ ಬೀಳಲಿಲ್ಲ.