ಕುರ್ಚಿಯೊಳಗೆ ಕೂತ ಬಾಡಿಗೆ

ಏಪ್ರಿಲ್ ಮೊದಲ ವಾರ ಪೀಣ್ಯದಿಂದ ಫೋನು ಬಂತು. ಪ್ಲಾಸ್ಟಿಕ್ ಕುರ್ಚಿ ಮಾಡುವ ಸಣ್ಣದೊಂದು ಕಂಪನಿಯ ಮಾಲೀಕರು, ಹಳೆಯ ಪರಿಚಯದವರು. "ಸಾರ್, ಮಾರ್ಚ್‌ನಲ್ಲಿ ವ್ಯಾಪಾರ ಬಿದ್ದಿದೆ, ಲಾಭ ಮಾತ್ರ ಏರಿದೆ. ಅದೇ ತಿಂಗಳು ಬ್ಯಾಂಕಿನ ಓಡಿ ಒಂಬತ್ತು ಲಕ್ಷ ಬೆಳೆದಿದೆ. ನಮ್ಮ ಅಕೌಂಟೆಂಟ್ ಹುಡುಗ ತಪ್ಪು ಮಾಡಿದ್ದಾನೋ, ಯಾರಾದರೂ ಕೈಚಳಕ ತೋರಿಸಿದ್ದಾರೋ, ಒಮ್ಮೆ ಬಂದು ನೋಡಿ" ಎಂದರು.

ಹೋಗಿ ನೋಡಿದೆ. ಹುಡುಗ ತಪ್ಪು ಮಾಡಿರಲಿಲ್ಲ, ಕೈಚಳಕವೂ ಇರಲಿಲ್ಲ. ಉತ್ತರ ಗೋಡೌನಿನಲ್ಲಿತ್ತು. ಕುರ್ಚಿಗಳು ಒಂದರೊಳಗೊಂದು ಸೇರಿ ಸೂರಿನ ಶೀಟಿನವರೆಗೆ ಏರಿದ್ದವು. ಜಾಗ ಸಾಲದೆ ಒಂದಷ್ಟನ್ನು ಹೊರಗೆ ನೀಲಿ ಟಾರ್ಪಾಲಿನ ಕೆಳಗೆ ಪೇರಿಸಿದ್ದರು.

ಆ ಕಂಪನಿಯ ಅಂಕಿಗಳನ್ನು ಓದಲು ಸುಲಭವಾಗಲೆಂದು ದುಂಡಾಗಿಸಿ ಹೇಳುತ್ತೇನೆ. ಒಂದು ಕುರ್ಚಿಗೆ ಸುಮಾರು ಎರಡು ಕಿಲೋ ಪ್ಲಾಸ್ಟಿಕ್ ದಾನಾ ಬೇಕು. ಅದಕ್ಕೆ 200 ರೂಪಾಯಿ. ಬಣ್ಣ, ಯಂತ್ರ ಎಳೆಯುವ ಕರೆಂಟು, ಪ್ಯಾಕಿಂಗು ಸೇರಿ ಇನ್ನೊಂದು 40. ಈ 240 ರೂಪಾಯಿ ಕುರ್ಚಿ ಮಾಡಿದರೆ ಮಾತ್ರ ಬೀಳುವ ಖರ್ಚು, ಮಾಡದಿದ್ದರೆ ಇಲ್ಲ. ಮಾರುವ ದರ 400. ಇನ್ನೊಂದು ಬಗೆಯ ಖರ್ಚಿದೆ. ಶೆಡ್ಡಿನ ಬಾಡಿಗೆ, ಲೀಸಿಗೆ ತಂದ ಮೋಲ್ಡಿಂಗ್ ಯಂತ್ರಗಳ ಬಾಡಿಗೆ, ಆಪರೇಟರ್ ಮತ್ತು ಸೂಪರ್‌ವೈಸರ್‌ಗಳ ತಿಂಗಳ ಸಂಬಳ, ಎಲ್ಲ ಸೇರಿ ತಿಂಗಳಿಗೆ 10 ಲಕ್ಷ. ಒಂದು ಕುರ್ಚಿ ಮಾಡಿದರೂ ಅಷ್ಟೇ, ಹನ್ನೆರಡು ಸಾವಿರ ಮಾಡಿದರೂ ಅಷ್ಟೇ. ಆಫೀಸು, ಮಾರಾಟದವರ ಸಂಬಳ ಇತ್ಯಾದಿಗೆ ಬೇರೆ 4 ಲಕ್ಷ.

ಮಾಮೂಲಿ ತಿಂಗಳಲ್ಲಿ ಅವರು ಹತ್ತು ಸಾವಿರ ಕುರ್ಚಿ ಮಾಡುತ್ತಾರೆ, ಹತ್ತು ಸಾವಿರ ಮಾರುತ್ತಾರೆ. ಫೆಬ್ರವರಿ ಅಂಥ ತಿಂಗಳು. ಕುರ್ಚಿಗೆ 160 ರೂಪಾಯಿಯಂತೆ 16 ಲಕ್ಷ ಉಳಿಯಿತು, ಅದರಲ್ಲಿ 14 ಲಕ್ಷ ಸ್ಥಿರ ವೆಚ್ಚಕ್ಕೆ ಹೋಯಿತು, 2 ಲಕ್ಷ ಲಾಭ. ಯಾವ ಪದ್ಧತಿಯಲ್ಲಿ ಲೆಕ್ಕ ಹಾಕಿದರೂ ಇದೇ. ಮಾಡಿದ್ದೆಲ್ಲ ಮಾರಿಹೋದ ಮೇಲೆ ಜಗಳಕ್ಕೆ ಏನೂ ಉಳಿಯುವುದಿಲ್ಲ.

ಮಾರ್ಚ್‌ನಲ್ಲಿ ಮ್ಯಾನೇಜರು 12,500 ಕುರ್ಚಿ ಮಾಡಿಸಿದರು. ಮಾರಿದ್ದು 8,750. ಗೋಡೌನಿನಲ್ಲಿ 3,750 ಉಳಿಯಿತು. ಈ ಉಳಿದ ಕುರ್ಚಿಗಳ ಬೆಲೆ ಎಷ್ಟೆಂದು ಬರೆಯಬೇಕು? ಎರಡು ಪದ್ಧತಿಗಳು ದಾರಿ ಬೇರೆ ಮಾಡಿಕೊಳ್ಳುವುದು ಈ ಒಂದು ಪ್ರಶ್ನೆಯಲ್ಲಿ.

ಅಬ್ಸಾರ್ಪ್ಷನ್ ಕಾಸ್ಟಿಂಗ್ ಹೇಳುವುದು ಹೀಗೆ: ಶೆಡ್ಡಿಲ್ಲದೆ, ಯಂತ್ರವಿಲ್ಲದೆ, ಆಪರೇಟರ್ ಇಲ್ಲದೆ ಕುರ್ಚಿ ಹುಟ್ಟಿತೇ? ಹಾಗಾದರೆ ಆ 10 ಲಕ್ಷವೂ ಕುರ್ಚಿಯ ಹುಟ್ಟುವೆಚ್ಚವೇ. ಅದನ್ನು ಮಾಡಿದ 12,500 ಕುರ್ಚಿಗಳಿಗೆ ಹಂಚು, ತಲಾ 80 ರೂಪಾಯಿ ಬರುತ್ತದೆ. ಕುರ್ಚಿಯ ವೆಚ್ಚ 320. ಮಾರಿದ 8,750 ಕುರ್ಚಿಗಳು ತಮ್ಮ ಪಾಲಿನ 7 ಲಕ್ಷ ಸ್ಥಿರ ವೆಚ್ಚವನ್ನು ಹೊತ್ತುಕೊಂಡು ಈ ತಿಂಗಳ ಲೆಕ್ಕಕ್ಕೆ ಬರುತ್ತವೆ. ಉಳಿದ 3 ಲಕ್ಷ ಮಾರದ ಕುರ್ಚಿಗಳೊಳಗೆ ಕೂತಿರುತ್ತದೆ. ಅವು ಮಾರಿದ ದಿನ ಹೊರಬರುತ್ತದೆ. ಮಾರಾಟದಿಂದ ಉಳಿದದ್ದು 14 ಲಕ್ಷ. ಅದರಲ್ಲಿ 7 ಲಕ್ಷ, ಆಫೀಸಿನ 4 ಲಕ್ಷ ಕಳೆದರೆ ಲಾಭ 3 ಲಕ್ಷ. ಅಕೌಂಟೆಂಟ್ ಹುಡುಗ ಬರೆದದ್ದು ಇದನ್ನೇ.

ವೇರಿಯಬಲ್ ಕಾಸ್ಟಿಂಗ್, ನಮ್ಮ ಕಾಮರ್ಸ್ ಕಾಲೇಜುಗಳಲ್ಲಿ ಮಾರ್ಜಿನಲ್ ಕಾಸ್ಟಿಂಗ್ ಎಂದು ಹೇಳಿಕೊಡುವುದು, ಇದಕ್ಕೆ ಒಪ್ಪುವುದಿಲ್ಲ. ಮಾರ್ಚ್ ತಿಂಗಳ ಬಾಡಿಗೆ ಮಾರ್ಚ್ ಮುಗಿದಾಗ ತೀರಿತು. ಅದನ್ನು ಕುರ್ಚಿಯೊಳಗೆ ತುಂಬಿ ಏಪ್ರಿಲ್‌ಗೆ ಕಳಿಸಲು ಬಾಡಿಗೆಯೇನು ದಾನಾ ಚೀಲವೇ? ಹಾಗಾಗಿ ಕುರ್ಚಿಯ ವೆಚ್ಚ 240 ಮಾತ್ರ, 10 ಲಕ್ಷ ಪೂರ್ತಿ ಈ ತಿಂಗಳ ತಲೆಯ ಮೇಲೆ. ಉಳಿದ 14 ಲಕ್ಷದಲ್ಲಿ 14 ಲಕ್ಷವೂ ಹೋಯಿತು. ಲಾಭ ಸೊನ್ನೆ. 160 ರೂಪಾಯಿ ಉಳಿಯುವ ಕುರ್ಚಿಯಿಂದ 14 ಲಕ್ಷ ತುಂಬಲು ಸರಿಯಾಗಿ 8,750 ಕುರ್ಚಿ ಮಾರಬೇಕು. ಮಾರ್ಚ್‌ನಲ್ಲಿ ಅವರು ಮಾರಿದ್ದು ಅಷ್ಟನ್ನೇ, ಒಂದು ಹೆಚ್ಚಿಲ್ಲ.

ಎರಡರ ನಡುವಿನ ಅಂತರ 3 ಲಕ್ಷ. ಸ್ಟಾಕು ಎಷ್ಟು ಏರಿತೋ ಅದನ್ನು ಕುರ್ಚಿಗೆ ಹಚ್ಚಿದ ಸ್ಥಿರ ವೆಚ್ಚದಿಂದ ಗುಣಿಸಿ: 3,750 × 80. ಅಷ್ಟೇ ಲೆಕ್ಕ. ಲಾಭದ ಅಂತರಕ್ಕೆ ಮಾರಾಟದ ಜೊತೆ ಸಂಬಂಧವಿಲ್ಲ, ಗೋಡೌನಿನ ಜೊತೆ ಇದೆ.

ಮಾಲೀಕರು ಕಾಗದವನ್ನೇ ನೋಡುತ್ತ ಕೂತರು. "ಹಾಗಾದರೆ ಓಡಿ?" ಎಂದರು. ಆ ಪ್ರಶ್ನೆ ಕೇಳಬೇಕಾದದ್ದೇ. ಮಾರಿದ ಕುರ್ಚಿಗಳಿಂದ ಬಂದದ್ದು 35 ಲಕ್ಷ. ಮಾಡಿದ ಕುರ್ಚಿಗಳ ದಾನಾ, ಕರೆಂಟು, ಪ್ಯಾಕಿಂಗಿಗೆ 30 ಲಕ್ಷ, ಸ್ಥಿರ ವೆಚ್ಚಕ್ಕೆ 14, ಒಟ್ಟು 44 ಲಕ್ಷ ಕೈಬಿಟ್ಟಿತು. ಕೊರತೆ 9 ಲಕ್ಷ, ಅದನ್ನು ಓಡಿ ತುಂಬಿಕೊಟ್ಟಿದೆ. ಇನ್ನೊಂದು ಕಡೆ 320ರ ದರದಲ್ಲಿ 12 ಲಕ್ಷದ ಸ್ಟಾಕು ಪುಸ್ತಕದಲ್ಲಿ ಆಸ್ತಿಯಾಗಿ ನಿಂತಿದೆ. ಹನ್ನೆರಡರಲ್ಲಿ ಒಂಬತ್ತು ಕಳೆಯಿರಿ, ಆ 3 ಲಕ್ಷದ ಲಾಭ ಸಿಗುತ್ತದೆ. ಆ ಲಾಭ ನೀಲಿ ಟಾರ್ಪಾಲಿನ ಕೆಳಗಿತ್ತು.

ಏಪ್ರಿಲ್ ಲೆಕ್ಕ ಬರುವ ಮೊದಲೇ ಅವರಿಗೆ ಒಂದು ಮಾತು ಹೇಳಿ ಬಂದೆ: ಮುಂದಿನ ತಿಂಗಳು ವ್ಯಾಪಾರ ಜೋರಾಗುತ್ತದೆ, ಲಾಭ ಇಳಿಯುತ್ತದೆ, ಹೆದರಬೇಡಿ. ಮದುವೆ ಸೀಸನ್, ಶಾಮಿಯಾನದವರು ಸಾಲಾಗಿ ಬಂದರು. 11,250 ಕುರ್ಚಿ ಹೋಯಿತು. ಸ್ಟಾಕಿತ್ತಾದ್ದರಿಂದ ಮಾಡಿದ್ದು 7,500 ಮಾತ್ರ. ಮಾರಾಟದಿಂದ ಉಳಿದದ್ದು 18 ಲಕ್ಷ. ವೇರಿಯಬಲ್ ಲೆಕ್ಕದಲ್ಲಿ 14 ಕಳೆದು 4 ಲಕ್ಷ ಲಾಭ. ಅಬ್ಸಾರ್ಪ್ಷನ್ ಲೆಕ್ಕದಲ್ಲಿ ಏಪ್ರಿಲ್‌ನ 10 ಲಕ್ಷದ ಜೊತೆಗೆ ಮಾರ್ಚ್‌ನಿಂದ ಕೂತು ಬಂದ 3 ಲಕ್ಷವೂ ಎದ್ದು ಹೊರಬಂತು. ಲಾಭ 1 ಲಕ್ಷಕ್ಕೆ ಇಳಿಯಿತು. ಮೂರು ತಿಂಗಳು ಕೂಡಿಸಿದರೆ ಒಂದು ಕಡೆ 2, 3, 1, ಇನ್ನೊಂದು ಕಡೆ 2, 0, 4. ಎರಡೂ 6 ಲಕ್ಷವೇ.

ಈ ಒಗಟು ಪೀಣ್ಯದಲ್ಲಿ ಹುಟ್ಟಿದ್ದಲ್ಲ. ಕಳೆದ ತಿಂಗಳು ನಾವು ಗಳಿಸಿದ್ದೆಷ್ಟು ಎಂದು ಕೇಳುವ ಶೀರ್ಷಿಕೆಯ ಲೇಖನವೊಂದನ್ನು ಜೊನಾಥನ್ ಹ್ಯಾರಿಸ್ ಎಂಬ ಅಮೆರಿಕನ್ 1936ರಲ್ಲಿ ಅಲ್ಲಿನ ಕಾಸ್ಟ್ ಅಕೌಂಟೆಂಟರ ಸಂಘದ ಪತ್ರಿಕೆಯಲ್ಲಿ ಬರೆದ. ಮಾರಾಟ ಏರಿದರೂ ಲಾಭ ಇಳಿದದ್ದೇಕೆ ಎಂಬುದೇ ಅವನ ಪ್ರಶ್ನೆಯಾಗಿತ್ತು. ವೇರಿಯಬಲ್ ಪದ್ಧತಿಯ ಚರ್ಚೆ ಜೋರಾದದ್ದು ಅಲ್ಲಿಂದ.

ಇಷ್ಟು ಗೊಂದಲವಿದ್ದರೂ ಕಾನೂನು ಅಬ್ಸಾರ್ಪ್ಷನ್ ಪಕ್ಷದಲ್ಲೇ ಇದೆ. ನಮ್ಮಲ್ಲಿ ಎಎಸ್ 2, ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 2 ಎಂಬ ಲೆಕ್ಕದ ಮಾನದಂಡಗಳು ಉತ್ಪಾದನೆಯ ಸ್ಥಿರ ವೆಚ್ಚವನ್ನು ಸ್ಟಾಕಿನ ಬೆಲೆಗೆ ಸೇರಿಸಲೇಬೇಕೆನ್ನುತ್ತವೆ. ಆಫೀಸು, ಮಾರಾಟದ ಖರ್ಚನ್ನು ಸೇರಿಸುವಂತಿಲ್ಲ. ಆದಾಯ ತೆರಿಗೆಯ ಐಸಿಡಿಎಸ್ 2 ಹೇಳುವುದೂ ಇದನ್ನೇ. ಅಂದರೆ ಮಾರ್ಚ್ 31ಕ್ಕೆ ಗೋಡೌನು ತುಂಬಿಸಿಟ್ಟವರು, ಮಾರದ ಕುರ್ಚಿಯೊಳಗೆ ಕೂತ ಬಾಡಿಗೆಯಷ್ಟು ಹೆಚ್ಚಿನ ಲಾಭಕ್ಕೆ ಆ ವರ್ಷವೇ ತೆರಿಗೆ ಕಟ್ಟುತ್ತಾರೆ. ನಾನು ಇಲ್ಲಿ ತಿಂಗಳಿಗೊಂದು ದರ ಹಿಡಿದಿದ್ದೇನೆ. ವರ್ಷದ ಲೆಕ್ಕದಲ್ಲಿ ಆ 80 ತುಸು ಬೇರೆಯಾದೀತು, ಕಥೆ ಅದೇ.

ಮಾನದಂಡ ಒಂದು ಬಾಗಿಲನ್ನು ಚೆನ್ನಾಗಿಯೇ ಮುಚ್ಚಿದೆ. ಉತ್ಪಾದನೆ 7,500ಕ್ಕೆ ಇಳಿದ ತಿಂಗಳು 10 ಲಕ್ಷವನ್ನು ಅಷ್ಟಕ್ಕೇ ಹಂಚಿ ಕುರ್ಚಿಗೆ 133 ಹಚ್ಚುತ್ತೇನೆ ಎನ್ನುವಂತಿಲ್ಲ. ಮಾಮೂಲಿ ಸಾಮರ್ಥ್ಯ ಹತ್ತು ಸಾವಿರವಾದ್ದರಿಂದ ದರ 100ರಲ್ಲೇ ನಿಲ್ಲಬೇಕು, ಹಂಚದೆ ಉಳಿದ ಎರಡೂವರೆ ಲಕ್ಷ ನೇರ ಆ ತಿಂಗಳ ಖರ್ಚಿಗೆ. ಯಂತ್ರ ಸುಮ್ಮನೆ ನಿಂತ ನಷ್ಟವನ್ನು ಸ್ಟಾಕಿನ ಬೆಲೆಯಲ್ಲಿ ಬಚ್ಚಿಡಲು ಹೀಗೆ ದಾರಿಯಿಲ್ಲ. ಕುರ್ಚಿಯ ಮಾರುಕಟ್ಟೆ ದರ ಕುಸಿದು 300 ಆದರೆ 320ರಲ್ಲಿ ಬರೆದ ಸ್ಟಾಕನ್ನೂ ಇಳಿಸಬೇಕು. ಆದರೆ ಬೇಕಾದ್ದಕ್ಕಿಂತ ಹೆಚ್ಚು ಮಾಡುವ ಬಾಗಿಲು ತೆರೆದೇ ಇದೆ. ಹೆಚ್ಚು ಮಾಡಿದಾಗ ದರ 100ರಿಂದ 80ಕ್ಕೆ ಇಳಿಸಬೇಕು, ಇಳಿಸಿದರು, ನಿಯಮ ಪಾಲನೆಯಾಯಿತು. ಕುರ್ಚಿಯ ವೆಚ್ಚ 340ರಿಂದ 320ಕ್ಕೆ ಇಳಿದದ್ದು ಮೀಟಿಂಗಿನಲ್ಲಿ ಸಾಧನೆಯಂತೆಯೂ ಕಂಡಿತು.

ಮ್ಯಾನೇಜರ ಬೋನಸ್ಸು ವರ್ಷದ ಲಾಭಕ್ಕೆ ಗಂಟು ಬಿದ್ದಿತ್ತು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅದಕ್ಕಾಗಿಯೇ ಮಾಡಿಸಿದರೇ? "ಮದುವೆ ಸೀಸನ್ನಿಗೆ ಸ್ಟಾಕು ಬೇಡವಾ ಸಾರ್?" ಎಂದು ಅವರು ಕೇಳಿದ್ದರು. ಏಪ್ರಿಲ್ ಅವರ ಮಾತನ್ನು ಉಳಿಸಿತು. ಸೀಸನ್ನಿಗೆ ಮುನ್ನ ಸ್ಟಾಕು ಮಾಡುವುದು ಜಾಣತನ. ಬೋನಸ್ಸಿಗಾಗಿ ಮಾಡುವುದು ಬೇರೆ. ಲಾಭದ ಸಾಲಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಶಾಮಿಯಾನದವರು ಬಾರದೆ ಹೋಗಿದ್ದರೆ ಬಿಸಿಲಿಗೆ ಬಣ್ಣ ಬಿಟ್ಟ ಕುರ್ಚಿಗಳ ಜೊತೆ ಆ 3 ಲಕ್ಷವೂ ಅಲ್ಲೇ ಕೂತಿರುತ್ತಿತ್ತು.

ಹಾಗೆಂದು ವೇರಿಯಬಲ್ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವವನಲ್ಲ ನಾನು. ಕುರ್ಚಿಗೆ 240 ತಾನೇ ಎಂದುಕೊಂಡು 280ಕ್ಕೆ ಮಾರಲು ಹೊರಡುವವರನ್ನು ನೋಡಿದ್ದೇನೆ. ಯಂತ್ರ ಖಾಲಿ ನಿಂತಾಗ ಒಂದು ಆರ್ಡರಿಗೆ ಅದು ನಡೆದೀತು. ಎಲ್ಲರಿಗೂ ಅದೇ ದರ ಕೊಟ್ಟರೆ 14 ಲಕ್ಷ ತುಂಬಲು ತಿಂಗಳಿಗೆ 35,000 ಕುರ್ಚಿ ಮಾರಬೇಕು. ಯಾವುದು ಸ್ಥಿರ, ಯಾವುದು ಬದಲಾಗುವುದು ಎಂದು ಗೆರೆ ಎಳೆಯುವುದೂ ಸುಲಭವಲ್ಲ. ಪಠ್ಯಪುಸ್ತಕ ಕೂಲಿಯನ್ನು ಬದಲಾಗುವ ವೆಚ್ಚವೆನ್ನುತ್ತದೆ. ಕೆಲಸ ಕಮ್ಮಿಯಾದ ತಿಂಗಳು ಆಪರೇಟರನನ್ನು ಮನೆಗೆ ಕಳಿಸಿದರೆ ಅವನು ಪಕ್ಕದ ಶೆಡ್ಡಿಗೆ ಹೋಗಿಬಿಡುತ್ತಾನೆ, ಆದ್ದರಿಂದ ಪೀಣ್ಯದಲ್ಲಿ ಅದು ಸ್ಥಿರವೇ.

ಈಗ ಆ ಮಾಲೀಕರಿಗೆ ತಿಂಗಳ ಲೆಕ್ಕ ಒಂದೇ ಹಾಳೆಯಲ್ಲಿ ಬರುತ್ತದೆ. ಮೇಲೆ ಕಾನೂನು ಕೇಳುವ ಲಾಭ. ಅದರ ಕೆಳಗೆ ಕೂಡುವ ಅಥವಾ ಕಳೆಯುವ ಒಂದು ಸಾಲು, ಕೊನೆಯಲ್ಲಿ ವೇರಿಯಬಲ್ ಲಾಭ. ನಡುವಿನ ಆ ಸಾಲಿಗೆ ಹುಡುಗ ಮೊದಲು ಏನೋ ದೊಡ್ಡ ಹೆಸರು ಟೈಪ್ ಮಾಡಿದ್ದ. ಮಾಲೀಕರು ಅದನ್ನು ಹೊಡೆದುಹಾಕಿ ಪೆನ್ನಿನಲ್ಲಿ ಬರೆದರು: ಗೋಡೌನಿನಲ್ಲಿ ಕೂತ ಬಾಡಿಗೆ.