ಒದ್ದೆ ಬಟ್ಟೆಯ ಅಡಿಯಲ್ಲಿ ಏನಿತ್ತು?

ಒಂಬತ್ತನೆಯ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಮಕ್ಕಳು ಹಿಂದೆ ಎಂದೂ ಓದಿರದ ಒಂದು ಗದ್ಯಭಾಗ ಇರುತ್ತದೆ. ಅದನ್ನು ಓದಿಕೊಂಡು ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಬೇಕು. ಮೇಷ್ಟರುಗಳು ಇದಕ್ಕೆ ಸಾಮಾನ್ಯವಾಗಿ ಯಾವುದೋ ಹಳೆಯ ಪುಸ್ತಕದಿಂದ ಒಂದು ಪ್ಯಾರಾ ಎತ್ತಿಕೊಳ್ಳುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಕೊನೆಗೊಮ್ಮೆ ನಾನೇ ಒಂದು ಕಥೆ ಬರೆಯೋಣ ಅನ್ನಿಸಿತು. ಹಳೆಯ ಕಾಲದ ಪೇಟೆ, ಅಲ್ಲಿಗೆ ಬಂದ ಪರದೇಶದ ಪ್ರವಾಸಿ. ಪೇಟೆ ಯಾವುದೆಂದು ಹುಡುಕುತ್ತಾ ಹೋಗಬೇಕಾಗಿರಲಿಲ್ಲ, ವಿಜಯನಗರವಿತ್ತು.

ಹೆರಾತಿನ ಷಾರುಖ್ ದೊರೆಯ ರಾಯಭಾರಿಯಾಗಿ ಅಬ್ದುರ್ ರಜಾಕ್ ಎಂಬಾತ ಕಲ್ಲಿಕೋಟೆಯಲ್ಲಿ ಇಳಿದು, 1443ರಲ್ಲಿ ಎರಡನೆಯ ದೇವರಾಯನ ರಾಜಧಾನಿಗೆ ಬಂದಿದ್ದ. ಅಲ್ಲಿ ಕಂಡದ್ದನ್ನೆಲ್ಲ ಪಾರಸಿಯಲ್ಲಿ ಬರೆದಿಟ್ಟ. ಅರಮನೆಯ ಹತ್ತಿರದ ಅಂಗಡಿಸಾಲುಗಳು, ಬಯಲಲ್ಲೇ ಮುತ್ತುರತ್ನ ಹರವಿಕೊಂಡು ಮಾರುವವರು ಎಲ್ಲ ಅದರಲ್ಲಿದ್ದಾರೆ. ಊಟದಷ್ಟೇ ಗುಲಾಬಿಯೂ ಈ ಜನಕ್ಕೆ ಬೇಕು ಎಂದು ಅವನಿಗೆ ಅನ್ನಿಸಿತ್ತಂತೆ. ನಾಣ್ಯಗಳ ಲೆಕ್ಕವನ್ನೂ ಕೊಟ್ಟಿದ್ದಾನೆ. ಒಂದು ವರಹಕ್ಕೆ ಎರಡು ಪ್ರತಾಪ, ಪ್ರತಾಪಕ್ಕೆ ಹತ್ತು ಹಣ, ಹಣಕ್ಕೆ ಆರು ಬೆಳ್ಳಿಯ ತಾರ. ನನ್ನ ಕಥೆಗೆ ಗುಲಾಬಿ ಮತ್ತು ಚಿಲ್ಲರೆ, ಇವೆರಡೇ ಸಾಕಾದವು.

ಮೊದಲ ಕರಡಿನಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಯನ್ನೂ ಸುರಿದಿದ್ದೆ. ಪೇಟೆ ಎಂದಮೇಲೆ ಬಣ್ಣ ಬೇಡವೇ? ಸಮಾಜ ವಿಜ್ಞಾನದ ಮೇಷ್ಟರು ಓದಿ ನಕ್ಕರು. ಮೆಣಸಿನಕಾಯಿ ಅಮೆರಿಕದ ಬೆಳೆ, ಪೋರ್ಚುಗೀಸರ ಜೊತೆ ಬಂದದ್ದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ. ನನ್ನ ಪ್ರವಾಸಿ ಅದಕ್ಕೂ ಐವತ್ತೈದು ವರ್ಷ ಮೊದಲಿನವನು, ಅವನ ಕಣ್ಣಿಗೆ ಬೀಳಬಹುದಾದದ್ದು ಕರಿಮೆಣಸು. ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿಗಳದ್ದೂ ಇದೇ ಕಥೆ. ಹಂಪೆಯ ಕಲ್ಲಿನ ರಥವನ್ನು ತೋರಿಸುವ ಆಸೆಯನ್ನೂ ಬಿಡಬೇಕಾಯಿತು, ಅದು ಮುಂದಿನ ಶತಮಾನದ ಕೆಲಸ. ಅಪಠಿತ ಗದ್ಯದಲ್ಲಿ ಇಂಥ ತಪ್ಪು ಉಳಿದರೆ ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ಪರೀಕ್ಷೆಯಲ್ಲಿ ಓದಿದ್ದನ್ನು ಯಾರೂ ಅನುಮಾನಿಸುವುದಿಲ್ಲ.

ಕೊನೆಗೆ ಉಳಿದ ಕಥೆ ಇಷ್ಟು:

ಬಿಸಿಲಿಗೆ ಗುಲಾಬಿ ಬಾಡದಿರಲೆಂದು ಮುದುಕಿ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿದ್ದಳು. ಹೆರಾತಿನ ಪ್ರವಾಸಿ ಒಂದು ಮಾಲೆಯ ಬೆಲೆ ಕೇಳಿದ. “ಎರಡು ತಾರ” ಎಂದಳು. ಅವನು ಸೊಂಟದ ಚೀಲದಿಂದ ಒಂದು ವರಹ ತೆಗೆದು ಮುಂದೆ ಹಿಡಿದ. ಮುದುಕಿ ಅದನ್ನು ಮುಟ್ಟಲಿಲ್ಲ. “ಬುಟ್ಟಿಯನ್ನೇ ಕೊಟ್ಟರೂ ಇದಕ್ಕೆ ಸಾಲದಪ್ಪಾ. ಅಗೋ ಆ ಚಿನಿವಾರನ ಹತ್ತಿರ ಮುರಿಸಿಕೊಂಡು ಬಾ” ಎಂದಳು. ಚಿನಿವಾರ ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಹತ್ತೊಂಬತ್ತು ಹಣ ಎಣಿಸಿಕೊಟ್ಟ. ಇಪ್ಪತ್ತನೆಯದನ್ನು ತನ್ನ ಪೆಟ್ಟಿಗೆಗೆ ಹಾಕಿಕೊಂಡ. ಪ್ರವಾಸಿ ತಿರುಗಿ ಬರುವಷ್ಟರಲ್ಲಿ ಗಿರಾಕಿಗಳೆಲ್ಲ ಹೋಗಿದ್ದರು. ಒದ್ದೆ ಬಟ್ಟೆಯ ಅಡಿಯಲ್ಲಿ ಏನೋ ಉಬ್ಬಿಕೊಂಡಿತ್ತು. “ಇಷ್ಟು ಹೊತ್ತು ಮಾಡಿದೆಯಲ್ಲಪ್ಪಾ” ಎನ್ನುತ್ತ ಮುದುಕಿ ಬಟ್ಟೆ ಸರಿಸಿದಳು.

ಇವರಿಬ್ಬರು ಯಾವ ಭಾಷೆಯಲ್ಲಿ ಮಾತಾಡಿದರು ಎಂದು ನೀವು ಕೇಳಬಹುದು. ಒಬ್ಬ ದುಭಾಷಿಯನ್ನು ತರಬೇಕಿತ್ತು, ಆದರೆ ಅವನಿಗೇ ನಾಲ್ಕು ಸಾಲು ಹೋಗುತ್ತಿತ್ತು. ಅಷ್ಟರ ಮಟ್ಟಿಗೆ ಕಣ್ಣು ಮುಚ್ಚಿಕೊಂಡೆ.

ಪ್ರಶ್ನೆ ಮಾಡುವಾಗ ಮೊದಲು ಕೈಗೆ ಬರುವುದು ಸುಲಭದ್ದು: ಪ್ರವಾಸಿ ಎಲ್ಲಿಂದ ಬಂದಿದ್ದ? ಉತ್ತರ ಸಾಲಿನಲ್ಲೇ ಇದೆ, ಬೆರಳಿಟ್ಟು ತೋರಿಸಬಹುದು. ಇಂಥ ಪ್ರಶ್ನೆ ಒಂದೆರಡು ಇರಲಿ, ತಡವಾಗಿ ಓದುವ ಮಗುವಿಗೂ ಕಾಲೂರಲು ಜಾಗ ಬೇಕು. ಎರಡನೆಯದಾಗಿ ನಾನು ಬರೆದದ್ದು ‘ಆಗ ವಿಜಯನಗರವನ್ನು ಆಳುತ್ತಿದ್ದವರು ಯಾರು?’ ಎಂದು. ಇದನ್ನು ಹೊಡೆದುಹಾಕಿದೆ. ಉತ್ತರ ಕಥೆಯಲ್ಲಿಲ್ಲ, ಇತಿಹಾಸದ ಪಾಠದಲ್ಲಿದೆ. ಇದನ್ನು ಪತ್ತೆ ಹಚ್ಚಲು ಸುಲಭದ ದಾರಿಯಿದೆ. ಗದ್ಯವನ್ನು ಮುಚ್ಚಿಟ್ಟು ಪ್ರಶ್ನೆಗಳನ್ನಷ್ಟೇ ನಾಲ್ಕು ಮಕ್ಕಳ ಕೈಗೆ ಕೊಡಬೇಕು. ಓದದೆಯೇ ಸರಿಯುತ್ತರ ಬಂತೆಂದರೆ ಆ ಪ್ರಶ್ನೆ ಓದನ್ನು ಅಳೆಯುತ್ತಿಲ್ಲ.

ಪದದ ಪ್ರಶ್ನೆಗೆ ‘ಮುರಿಸು’ ಎಂಬುದನ್ನು ಆರಿಸಿಕೊಂಡೆ. ನಾಲ್ಕು ಆಯ್ಕೆ: ತುಂಡು ಮಾಡಿಸು, ಕರಗಿಸು, ಚಿಲ್ಲರೆ ಮಾಡಿಸು, ಅಡವಿಡು. ಮೊದಲನೆಯದು ನಿಘಂಟಿನ ಅರ್ಥ. ಸಂದರ್ಭ ನೋಡದೆ ಓಡುವವನು ಅಲ್ಲಿ ಬೀಳುತ್ತಾನೆ. ಕರಗಿಸುವುದು, ಅಡವಿಡುವುದು ಎರಡೂ ಚಿನಿವಾರನ ಅಂಗಡಿಗೆ ಹೊಂದುವ ಕೆಲಸಗಳೇ. ತಪ್ಪು ಆಯ್ಕೆಗೂ ಹೀಗೆ ಒಂದು ನ್ಯಾಯ ಇರಬೇಕು. ‘ಹಾಡು ಹಾಡಿಸು’ ಎಂದು ಬರೆದರೆ ಯಾರೂ ಅದರ ಹತ್ತಿರ ಸುಳಿಯುವುದಿಲ್ಲ, ಆಗ ನಾಲ್ಕು ಆಯ್ಕೆ ಮೂರಕ್ಕೆ ಇಳಿಯುತ್ತದೆ. ಇನ್ನೊಂದು ಚಟ ನನಗೂ ಇತ್ತು. ಸರಿಯುತ್ತರವನ್ನು ಮಾತ್ರ ಉದ್ದವಾಗಿ, ಎಚ್ಚರಿಕೆಯಿಂದ ಬರೆಯುವುದು. ಚುರುಕಾದ ಹುಡುಗರು ಉದ್ದ ನೋಡಿಯೇ ಗುರುತು ಹಾಕುತ್ತಾರೆ.

ಚಿನಿವಾರ ಪ್ರವಾಸಿಗೆ ಮೋಸ ಮಾಡಿದನೇ ಎಂಬುದು ಮುಂದಿನ ಪ್ರಶ್ನೆ. ಮೊದಲ ಕರಡಿನಲ್ಲಿ ‘ಇಪ್ಪತ್ತನೆಯದನ್ನು’ ಎಂಬ ಮಾತು ಇರಲಿಲ್ಲ. ವರಹಕ್ಕೆ ಎಷ್ಟು ಹಣ ಎಂದು ನನಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಹತ್ತೊಂಬತ್ತೇ ಪೂರ್ತಿ ಎಂದುಕೊಂಡವರ ತಪ್ಪೇನು? ಸಾಲುಗಳ ನಡುವಿನದನ್ನು ಊಹಿಸಿ ಎನ್ನುವವನು ಊಹೆಗೆ ಬೇಕಾದ ಸಾಮಾನನ್ನು ಕಥೆಯೊಳಗೇ ಇಟ್ಟಿರಬೇಕು. ಆ ಒಂದು ಪದ ಸೇರಿಸಿದ ಮೇಲೆ ತರಗತಿಯಲ್ಲಿ ಎರಡು ಪಕ್ಷವಾಯಿತು. ಮೋಸ ಎಂದವರು ಒಂದು ಕಡೆ, ಎದುರಿಗೇ ಎಣಿಸಿ ವಟ್ಟ ಮುರಿದುಕೊಂಡದ್ದು ಮೋಸ ಹೇಗೆ ಎಂದವರು ಇನ್ನೊಂದು ಕಡೆ. ಎರಡಕ್ಕೂ ಅಂಕ ಕೊಟ್ಟೆ, ಕಥೆಯ ಯಾವ ಮಾತಿನಿಂದ ಹಾಗೆನ್ನುತ್ತೀರಿ ಎಂದು ಬರೆದಿದ್ದರೆ ಮಾತ್ರ.

ಕೊನೆಯ ಪ್ರಶ್ನೆಯ ಮೇಲೆ ನನಗೆ ಬಹಳ ಪ್ರೀತಿಯಿತ್ತು. ಒದ್ದೆ ಬಟ್ಟೆಯ ಅಡಿಯಲ್ಲಿ ಏನಿತ್ತು? ಹೇಗೆ ತಿಳಿಯಿತು? ಎರಡು ಅಂಕ. ಕಾದಿಟ್ಟ ಗುಲಾಬಿ ಮಾಲೆ, ಏಕೆಂದರೆ ಬಟ್ಟೆ ಹೊದಿಸಿದ್ದೇ ಹೂ ಬಾಡದಿರಲೆಂದು. ಕಥೆಯ ಮೊದಲ ಸಾಲಿಗೂ ಕೊನೆಯ ಸಾಲಿಗೂ ಹೀಗೆ ಗಂಟು ಹಾಕಿದ್ದೇನೆಂದು ಬೀಗುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ದುಡ್ಡಿನ ಗಂಟು’ ಎಂದು ಬರೆದಿದ್ದಳು. ತಪ್ಪು ಹಾಕಿ ಕೊಟ್ಟೆ. ಅವಳು ಉತ್ತರಪತ್ರಿಕೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

“ಮಾಲೆಗೆ ಎರಡು ತಾರ, ಅಲ್ವಾ ಸರ್? ಅವನು ತಂದದ್ದು ಹಣ. ಅದು ತಾರಕ್ಕಿಂತ ದೊಡ್ಡದಾದರೆ ಅಜ್ಜಿ ಚಿಲ್ಲರೆ ವಾಪಸ್ ಕೊಡಬೇಕಲ್ಲ? ದುಡ್ಡು ಮತ್ತೆಲ್ಲಿ ಇಟ್ಟುಕೊಳ್ಳುತ್ತಾಳೆ?”

ಕಥೆಯನ್ನು ಮತ್ತೆ ಓದಿದೆ. ಅವಳ ಉತ್ತರವನ್ನು ಅಲ್ಲಗಳೆಯುವ ಒಂದು ಪದವೂ ಅದರಲ್ಲಿರಲಿಲ್ಲ. ‘ಇಷ್ಟು ಹೊತ್ತು ಮಾಡಿದೆಯಲ್ಲಪ್ಪಾ’ ಎಂಬುದನ್ನು ಚಿಲ್ಲರೆ ಹುಡುಕುವ ಮುದುಕಿಯೂ ಅನ್ನಬಹುದು. ಎರಡು ಅಂಕ ಕೊಟ್ಟು ಸಹಿ ಹಾಕಿದೆ. ಮರುವರ್ಷಕ್ಕೆ ಆ ಸಾಲನ್ನು ತಿದ್ದಿದೆ: ‘ಒದ್ದೆ ಬಟ್ಟೆಯ ಅಂಚಿನಿಂದ ಒಂದು ಎಸಳು ಹೊರಗೆ ಇಣುಕುತ್ತಿತ್ತು.’ ಈಗ ಯಾರೂ ತಪ್ಪುವುದಿಲ್ಲ. ಹಾಗಾಗಿ ಅದಕ್ಕೀಗ ಒಂದೇ ಅಂಕ.