ಹಡಗು ಹೊರಡುವ ದಿನದಿಂದ ಹಿಂದಕ್ಕೆ ಎಣಿಸಬೇಕು

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯೊಂದು ತಿರುಪ್ಪೂರಿನಿಂದ ಟಿ-ಶರ್ಟ್ ಬಟ್ಟೆ ತರಿಸುತ್ತದೆ ಎಂದುಕೊಳ್ಳಿ. ಬಣ್ಣ ಹಾಕಿದ ಬಟ್ಟೆ ಅಲ್ಲಿಂದ ಹೊರಡುವ ಮುಂಚೆ ಸ್ಟೆಂಟರ್ ಎಂಬ ಯಂತ್ರದಲ್ಲಿ ಹಾಯಬೇಕು. ಒದ್ದೆ ಬಟ್ಟೆಯನ್ನು ಎರಡೂ ಅಂಚಿನಲ್ಲಿ ಹಿಡಿದು ಬಿಸಿಗಾಳಿಯಲ್ಲಿ ಒಣಗಿಸಿ, ಅಗಲವನ್ನೂ ತೂಕವನ್ನೂ ಹದಕ್ಕೆ ತರುವುದು ಅದರ ಕೆಲಸ. ಅದರ ಗೇರ್‌ಬಾಕ್ಸ್ ಕೆಟ್ಟರೆ ಬಟ್ಟೆ ಅಲ್ಲೇ ನಿಲ್ಲುತ್ತದೆ. ಒದ್ದೆಯಾಗಿಯೇ ಬಿದ್ದಿದ್ದರೆ ಬೂಸ್ಟು ಹಿಡಿಯುವ ಭಯ ಬೇರೆ.

ಈ ಸುದ್ದಿಯನ್ನು ವಿದೇಶದ ಬಯರ್‌ಗೆ ತಿಳಿಸಬೇಕಾದವರು ಮರ್ಚಂಡೈಸರ್. 'ಮಿಲ್ಲಿನವರು ಐದು ದಿನ ಎಂದಿದ್ದಾರೆ, ನೋಡೋಣ' ಎಂದು ಕಾಯುವ ಆಸೆ ಅವರಿಗೆ ಸಹಜ. ಆದರೆ ಆ ಐದು ದಿನ ಎಲ್ಲಿಂದ ಬಂತು ಎಂಬುದನ್ನು ಮೊದಲು ಕೇಳಬೇಕು. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿ ನೋಡಿದ್ದಾನೆಯೇ? ಬಿಡಿಭಾಗಕ್ಕೆ ಆರ್ಡರ್ ಹೋಗಿದೆಯೇ, ಇಲ್ಲ ಬರೀ ವಿಚಾರಣೆಯಲ್ಲಿದೆಯೇ? ಯಂತ್ರ ಸರಿಯಾದ ಮೇಲೆ ಯಾರ ಬಟ್ಟೆ ಮೊದಲು? ಅನೇಕ ಸಲ ಎಡವುವುದು ಈ ಕೊನೆಯ ಪ್ರಶ್ನೆಯಲ್ಲೇ. ಯಂತ್ರ ಐದನೇ ದಿನ ತಿರುಗುತ್ತದೆ, ನಮ್ಮ ಸರದಿ ಎಂಟನೇ ದಿನ ಬರುತ್ತದೆ.

ಲೆಕ್ಕ ಮಾಡಿ ನೋಡೋಣ. 12,000 ಟಿ-ಶರ್ಟ್‌ಗಳ ಆರ್ಡರ್, ಕಾರ್ಖಾನೆಯಿಂದ ಹೊರಡುವ ದಿನ ಮಾರ್ಚ್ 20. ಬಿಳಿಯ 4,000ಕ್ಕೆ ಬಟ್ಟೆ ಬಂದು ಹೊಲಿಗೆ ನಡೆದಿದೆ. ಮಾರ್ಚ್ 3ಕ್ಕೆ ಬರಬೇಕಿದ್ದ ನೀಲಿ ಬಟ್ಟೆ ಹಿಂದಿನ ದಿನ ಸ್ಟೆಂಟರ್ ಮುಂದೆ ನಿಂತುಬಿಟ್ಟಿತು. ದುರಸ್ತಿಗೆ ಕಾಯುವ ಬದಲು ಬೇರೆ ಮಿಲ್ಲಿನ ಸ್ಟೆಂಟರ್‌ನಲ್ಲಿ ಕೂಲಿಗೆ ಹಾಯಿಸಬಹುದು. ಆದರೆ ಯಂತ್ರ ಬದಲಾದರೆ ಶಾಖ, ಎಳೆತ ಬದಲಾಗಿ ಬಣ್ಣದ ಛಾಯೆ ಮತ್ತು ಕುಗ್ಗುವಿಕೆ ಹೆಚ್ಚು-ಕಮ್ಮಿಯಾಗುತ್ತದೆ. ಹಾಗಾಗಿ ಮೊದಲು ಒಂದೇ ರೋಲ್ ಹಾಯಿಸಿ, ಒಗೆದು ಅಳೆದು ಒಪ್ಪಿಗೆಯಾದ ಮೇಲೆ ಉಳಿದದ್ದು. ಹೀಗೆ ಮಾಡಿದರೆ ಬಟ್ಟೆ ಕೈಸೇರುವುದು ಮಾರ್ಚ್ 9ಕ್ಕೆ. ಹೆಣೆದ ಬಟ್ಟೆಯನ್ನು ರೋಲ್‌ನಿಂದ ಬಿಚ್ಚಿ ಒಂದು ದಿನ ಸಡಿಲವಾಗಿ ಬಿಡಬೇಕು. ಬಿಡದೆ ಕತ್ತರಿಸಿದರೆ ಹೊಲಿದ ಮೇಲೆ ಅಳತೆ ಕುಗ್ಗಿ ಇಡೀ ಲಾಟ್ ತಿರಸ್ಕಾರವಾದೀತು. ಆತುರದಲ್ಲಿ ಮೊದಲು ಬಲಿಯಾಗುವುದು ಈ ಒಂದು ದಿನವೇ.

ಆರು ದಿನ ತಡವಾಯಿತು, ಅಂದರೆ ಹೊಸ ದಿನ ಮಾರ್ಚ್ 26. ಭಾನುವಾರ ದುಡಿಸಿ, ಎರಡು ಪಟ್ಟು ಕೂಲಿಯ ಓವರ್‌ಟೈಮ್ ಕೊಟ್ಟರೆ 24ಕ್ಕೆ ಎಳೆಯಬಹುದು. ಎಳೆಯಬೇಕೇ? ಚೆನ್ನೈನಿಂದ ಆ ಮಾರ್ಗದ ಹಡಗು ವಾರಕ್ಕೊಂದು. ಕಂಟೇನರ್ ಒಪ್ಪಿಸಲು ಕೊನೆಯ ದಿನ ಮಾರ್ಚ್ 21, ಅದು ತಪ್ಪಿದರೆ 28. ಇಪ್ಪತ್ನಾಲ್ಕಕ್ಕೆ ಮುಗಿಸಿದರೂ ಇಪ್ಪತ್ತಾರಕ್ಕೆ ಮುಗಿಸಿದರೂ ಹತ್ತುವುದು ಒಂದೇ ಹಡಗನ್ನು. ಓವರ್‌ಟೈಮ್ ಹಣ ಗೋದಾಮಿನಲ್ಲಿ ಕೂರುತ್ತದೆ, ಅಷ್ಟೆ. ಅದರ ಬದಲು ಬಿಳಿಯ 4,000 ಶರ್ಟ್‌ಗಳನ್ನು ಮೊದಲ ಹಡಗಿಗೆ ಹತ್ತಿಸುವುದು ಬಯರ್‌ಗೆ ನಿಜವಾದ ಉಪಕಾರ. ಅವರ ಅಂಗಡಿಯ ಕಪಾಟು ಬರಿದಾಗಿರುವುದಿಲ್ಲ.

ಇಷ್ಟು ಕೈಯಲ್ಲಿದ್ದರೆ ಪತ್ರ ತಾನಾಗಿ ಚಿಕ್ಕದಾಗುತ್ತದೆ. ಯಂತ್ರ ಕೆಟ್ಟ ದಿನ, ತಪ್ಪಿದರೆ ಮರುದಿನ, ಅದರ ಸಾರ ಹೀಗಿರಬಹುದು:

'ಬಟ್ಟೆ ಮಿಲ್ಲಿನ ಸ್ಟೆಂಟರ್ ಮಾರ್ಚ್ 2ರಂದು ಕೆಟ್ಟಿದೆ. ನೀಲಿಯ 8,000 ಶರ್ಟ್‌ಗಳಿಗೆ ಪೆಟ್ಟು ಬಿದ್ದಿದೆ, ಬಿಳಿಯ 4,000ಕ್ಕೆ ಇಲ್ಲ. ಬಿಳಿಯವು ಹಳೆಯ ತಾರೀಖಿಗೇ ಹೊರಡುತ್ತವೆ. ನೀಲಿ ಬಟ್ಟೆಯನ್ನು ಬೇರೆ ಮಿಲ್ಲಿನಲ್ಲಿ ಹಾಯಿಸುತ್ತೇವೆ, ಮೊದಲ ರೋಲ್‌ನ ಪರೀಕ್ಷಾ ಫಲಿತಾಂಶ 6ಕ್ಕೆ ಕಳುಹಿಸುತ್ತೇವೆ. ನೀಲಿಯವು ಹೊರಡುವ ದಿನ ಮಾರ್ಚ್ 26. ಎರಡು ಕಂತಿನಲ್ಲಿ ಕಳುಹಿಸಲು ನಿಮ್ಮ ಒಪ್ಪಿಗೆ 5ರೊಳಗೆ ಬೇಕು. ರೋಲ್ ಪರೀಕ್ಷೆಯಲ್ಲಿ ಸೋತರೆ ಈ ದಿನ ಬದಲಾಗುತ್ತದೆ, ಅದನ್ನು ಅಂದೇ ತಿಳಿಸುತ್ತೇವೆ.'

ಕ್ಷಮಾಪಣೆಗೆ ಒಂದು ವಾಕ್ಯ ಸಾಕು. ಮಿಲ್ಲನ್ನು ದೂರುವ ಪ್ಯಾರಾ ಬೇಡವೇ ಬೇಡ. ಮಿಲ್ಲನ್ನು ಆರಿಸಿಕೊಂಡವರು ನೀವಾದರೆ ಬಯರ್ ಕಣ್ಣಿಗೆ ತಡ ನಿಮ್ಮದೇ. ಆ ಮಿಲ್ಲಿನಿಂದಲೇ ಕೊಳ್ಳಬೇಕೆಂದು ಬಯರ್ ಸೂಚಿಸಿದ್ದರೆ ಮಾತ್ರ ಆ ಸಂಗತಿಯನ್ನು ಒಂದು ಸಾಲಿನಲ್ಲಿ ದಾಖಲಿಸಿ. ಮುಂದೆ ವಿಮಾನದ ಖರ್ಚು ಯಾರದು ಎಂಬ ಮಾತು ಬಂದಾಗ ಅದು ಬೇಕಾಗುತ್ತದೆ.

ಹಣ ಬರುವುದು ಲೆಟರ್ ಆಫ್ ಕ್ರೆಡಿಟ್ ಮೂಲಕವಾದರೆ ಬಯರ್ ಇಮೇಲಿನಲ್ಲಿ 'ಸರಿ' ಎಂದರೆ ಸಾಲದು. ಅದರಲ್ಲಿ ಹಡಗಿಗೆ ಏರಿಸುವ ಕೊನೆಯ ದಿನ ಮಾರ್ಚ್ 25 ಎಂದಿದ್ದು, ಹಡಗಿನ ರಸೀದಿ 30ರದ್ದಾದರೆ ಬ್ಯಾಂಕ್ ಕಾಗದಪತ್ರ ನಿರಾಕರಿಸಬಹುದು. ಯಂತ್ರ ಕೆಟ್ಟ ಕತೆ ಬ್ಯಾಂಕಿಗೆ ಬೇಡ, ಅದು ನೋಡುವುದು ಕಾಗದವನ್ನು ಮಾತ್ರ. ಬಯರ್ ತಮ್ಮ ಬ್ಯಾಂಕಿಗೆ ಬರೆದು ಆ ದಿನವನ್ನೂ, ಲೆಟರ್ ಆಫ್ ಕ್ರೆಡಿಟ್‌ನ ಅವಧಿಯನ್ನೂ ಮುಂದಕ್ಕೆ ತಿದ್ದಿಸಬೇಕು. ಕಂತುಗಳಲ್ಲಿ ಕಳುಹಿಸುವುದನ್ನು ಅದು ನಿಷೇಧಿಸಿದ್ದರೆ ಆ ಷರತ್ತನ್ನೂ ಆಗಲೇ ತಿದ್ದಿಸಬೇಕು, ಮತ್ತು ಬಿಳಿಯ ಶರ್ಟ್‌ಗಳ ಕಂಟೇನರ್ ಗೇಟು ದಾಟುವ ಮುಂಚೆ ತಿದ್ದುಪಡಿ ಕೈಗೆ ಬಂದಿರಬೇಕು.